ಮನೆ ಟ್ಯಾಂಕಿಗೆ ಮೂವತ್ತೊಂಬತ್ತು ಹೆಚ್‌ಪಿ ಮೋಟರು

ಸಿಇಟಿಗೆ ಓದುತ್ತಿರುವ ಪಕ್ಕದ ಮನೆಯ ಹುಡುಗ ಒಂದು ಭಾನುವಾರ ಬೆಳಿಗ್ಗೆ ಮಾದರಿ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು ಪಕ್ಕದಲ್ಲೇ ಇದ್ದರೆ ಭಾನುವಾರ ಅವನಿಗೆ ಉಳಿಯುವುದಿಲ್ಲ. ಹುಡುಗ ತೋರಿಸಿದ ಲೆಕ್ಕ ಇದು:

ನೆಲಮಟ್ಟದಿಂದ 3 ಮೀಟರ್ ಕೆಳಗಿರುವ ಸಂಪ್‌ನ ನೀರನ್ನು ನೆಲಮಟ್ಟದಿಂದ 9 ಮೀಟರ್ ಮೇಲಿರುವ ಟ್ಯಾಂಕಿಗೆ ಏರಿಸಬೇಕು. 1000 ಲೀಟರ್ ಏರಿಸಲು ಪಂಪಿಗೆ 10 ನಿಮಿಷ ಬೇಕು. ಪಂಪಿನ ದಕ್ಷತೆ ಶೇ. 40. ಹಾಗಾದರೆ ಅದು ಎಳೆದುಕೊಳ್ಳುವ ವಿದ್ಯುತ್ ಸಾಮರ್ಥ್ಯ ಎಷ್ಟು? ಕೊಟ್ಟ ಆಯ್ಕೆಗಳು ನಾಲ್ಕು: 78.4 ವ್ಯಾಟ್, 367.5 ವ್ಯಾಟ್, 490 ವ್ಯಾಟ್, 29,400 ವ್ಯಾಟ್.

ಹುಡುಗ ನಾಲ್ಕನೆಯದರ ವೃತ್ತವನ್ನು ಬಾಲ್‌ಪೆನ್ನಿನಲ್ಲಿ ಅಚ್ಚುಕಟ್ಟಾಗಿ ತುಂಬಿದ್ದ. ‘ಕೀ ಆನ್ಸರ್‌ನಲ್ಲಿ ಬೇರೆ ಕೊಟ್ಟಿದ್ದಾರೆ ಸರ್, ಪ್ರಿಂಟ್ ತಪ್ಪಿರಬೇಕು’ ಅಂದ.

ನಾನು ಲೆಕ್ಕ ನೋಡಲಿಲ್ಲ. ‘ನಿಮ್ಮನೆ ಮೋಟರ್ ಎಷ್ಟು ಹೆಚ್‌ಪಿ ಕಣೋ?’ ಅಂತ ಕೇಳಿದೆ. ಗೊತ್ತಿರಲಿಲ್ಲ. ಹೋಗಿ ನೋಡಿಕೊಂಡು ಬಂದು ‘ಒಂದು’ ಅಂದ. ಒಂದು ಹೆಚ್‌ಪಿ ಎಂದರೆ 746 ವ್ಯಾಟ್. 29,400ನ್ನು 746ರಿಂದ ಭಾಗಿಸಿದರೆ ಮೂವತ್ತೊಂಬತ್ತು ಚಿಲ್ಲರೆ ಬರುತ್ತದೆ. ಕಾಂಪೌಂಡಿನ ಆಚೆ ಪೇಪರ್ ಓದುತ್ತಾ ಕೂತಿದ್ದ ಅವನ ತಾತನಿಗೆ ಇದು ಕಿವಿಗೆ ಬಿತ್ತು. ‘ಏನ್ ಮೇಷ್ಟ್ರೇ, ಮೂವತ್ತೊಂಬತ್ತು ಹೆಚ್‌ಪಿನಾ? ನಮ್ಮ ತೋಟದ ಬೋರಿಗೇ ಏಳೂವರೆ ಹಾಕಿರೋದು. ಇವನು ಟ್ಯಾಂಕಿಗೆ ನೀರು ಹತ್ತಿಸ್ತಾನೋ ಕೆರೆ ಖಾಲಿ ಮಾಡ್ತಾನೋ?’

ತಾತ ಫಿಸಿಕ್ಸ್ ಓದಿದವರಲ್ಲ. ಆದರೆ ಹುಡುಗ ಮೂರು ನಿಮಿಷ ಲೆಕ್ಕ ಮಾಡಿಯೂ ಕಾಣದ ತಪ್ಪು ಅವರಿಗೆ ಮೂರು ಸೆಕೆಂಡಿನಲ್ಲಿ ಕಂಡಿತು. ಹೀಗೆ ಮೋಟರಿನ ಪ್ಲೇಟನ್ನೋ ತೋಟದ ಬೋರನ್ನೋ ಪಕ್ಕದಲ್ಲಿಟ್ಟುಕೊಂಡು ಉತ್ತರವನ್ನು ತೂಗುವುದು ಅಂದಾಜು. ಅದರ ಜೊತೆಗಾರ ಯೂನಿಟ್ ಪರೀಕ್ಷೆ. ಇವೆರಡೂ ಬೇರೆ ಬೇರೆ ಅಳತೆಯ ಕಣ್ಣಿರುವ ಬಲೆಗಳು. ಒಂದರಲ್ಲಿ ನುಸುಳಿದ ಮೀನು ಇನ್ನೊಂದರಲ್ಲಿ ಬೀಳುತ್ತದೆ. ಎರಡರಲ್ಲೂ ಬೀಳದ ಮೀನೂ ಇದೆ, ಅದರ ಮಾತು ಆಮೇಲೆ.

ಮೊದಲು ಹುಡುಗ ಎಲ್ಲಿ ಎಡವಿದ ಎಂದು ನೋಡೋಣ. ಒಂದು ಲೀಟರ್ ನೀರು ಒಂದು ಕಿಲೋ, ಆದ್ದರಿಂದ ದ್ರವ್ಯರಾಶಿ 1000 ಕಿಲೋ. ಏರಬೇಕಾದ ಎತ್ತರ ಒಟ್ಟು 12 ಮೀಟರ್. ನೀರಿನ ಮೇಲೆ ಮಾಡಬೇಕಾದ ಕೆಲಸ mgh, ಅಂದರೆ 1000 × 9.8 × 12 = 1,17,600 ಜೂಲ್. ಇಲ್ಲಿಯವರೆಗೆ ಸರಿಯಾಗಿತ್ತು. ಸಾಮರ್ಥ್ಯ ಎಂದರೆ ಕೆಲಸ ಭಾಗಿಸು ಕಾಲ. ಪ್ರಶ್ನೆಯಲ್ಲಿ ಕಾಲ ‘10’ ಅಂತಿದೆ, ಅವನು ಹತ್ತರಿಂದಲೇ ಭಾಗಿಸಿ 11,760 ಬರೆದ. ದಕ್ಷತೆ 0.4ರಿಂದ ಭಾಗಿಸಿ 29,400 ಪಡೆದ. ಕೊನೆಯಲ್ಲಿ ‘ವ್ಯಾಟ್’ ಸೇರಿಸಿದ.

ನನ್ನ ತಕರಾರು ಆ ಕೊನೆಯ ‘ವ್ಯಾಟ್’ ಮೇಲೆ. ಉತ್ತರಪತ್ರಿಕೆ ತಿದ್ದುವಾಗ ನಾನು ಕಂಡ ಹೆಚ್ಚಿನ ಲೆಕ್ಕಗಳಲ್ಲಿ ಮಕ್ಕಳು ನಡುವೆ ಬರೀ ಅಂಕಿ ಬರೆದುಕೊಂಡು ಹೋಗಿ, ಎಲ್ಲ ಮುಗಿದ ಮೇಲೆ ಹಣೆಗೆ ಬೊಟ್ಟಿಟ್ಟ ಹಾಗೆ ಯೂನಿಟ್ ಇಡುತ್ತಾರೆ. ಸಾಮರ್ಥ್ಯ ಕೇಳಿದ್ದಾರೆ, ಆದ್ದರಿಂದ ವ್ಯಾಟ್. ಹಾಗೆ ಇಟ್ಟ ಯೂನಿಟ್ ಯಾವ ತಪ್ಪನ್ನೂ ಹಿಡಿಯಲಾರದು, ಏಕೆಂದರೆ ಅದು ಲೆಕ್ಕದ ಒಳಗಿಂದ ಬಂದದ್ದಲ್ಲ, ಪ್ರಶ್ನೆಯನ್ನು ನೋಡಿ ಬರೆದದ್ದು. ಯೂನಿಟ್ ಕೆಲಸಕ್ಕೆ ಬರಬೇಕಾದರೆ ಅದು ಮೊದಲ ಸಾಲಿನಿಂದಲೇ ಅಂಕಿಯ ಪಕ್ಕದಲ್ಲಿ ನಡೆದು ಬರಬೇಕು. ಹೀಗೆ:

1000 kg × 9.8 m/s² × 12 m ÷ 10 min

ಈಗ ಅಂಕಿಗಳನ್ನು ಮುಚ್ಚಿಟ್ಟು ಯೂನಿಟ್‌ಗಳನ್ನು ಮಾತ್ರ ಓದಿ. kg, m/s², m ಮೂರನ್ನೂ ಗುಣಿಸಿದರೆ ಬರುವುದು kg m²/s². ಅದೇ ಜೂಲ್. ಜೂಲನ್ನು ನಿಮಿಷದಿಂದ ಭಾಗಿಸಿದರೆ ‘ಪ್ರತಿ ನಿಮಿಷಕ್ಕೆ ಇಷ್ಟು ಜೂಲ್’. ವ್ಯಾಟ್ ಎಂದರೆ ಪ್ರತಿ ಸೆಕೆಂಡಿಗೆ ಇಷ್ಟು ಜೂಲ್. ಎರಡೂ ಒಂದೇ ಅಲ್ಲ ಎಂದು ಕಾಗದವೇ ಹೇಳುತ್ತದೆ. 10 ನಿಮಿಷವನ್ನು 600 ಸೆಕೆಂಡ್ ಮಾಡಿದರೆ 1,17,600 ÷ 600 = 196 ವ್ಯಾಟ್, ಅದನ್ನು 0.4ರಿಂದ ಭಾಗಿಸಿದರೆ 490 ವ್ಯಾಟ್. ಹೆಚ್‌ಪಿ ಲೆಕ್ಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ಮನೆಯಲ್ಲಿರುವುದು ಒಂದು ಹೆಚ್‌ಪಿ. ಹೊಂದುತ್ತದೆ.

ಇಲ್ಲಿ ಪಠ್ಯಪುಸ್ತಕಗಳು ಸರಸರನೆ ದಾಟಿಬಿಡುವ ಒಂದು ಸೂಕ್ಷ್ಮವಿದೆ. ಆಯಾಮ ಬೇರೆ, ಯೂನಿಟ್ ಬೇರೆ. ನಿಮಿಷ, ಸೆಕೆಂಡ್, ಗಂಟೆ ಎಲ್ಲದರ ಆಯಾಮ ಒಂದೇ, ಕಾಲ. ಪಿಯು ಮೊದಲ ವರ್ಷ ಕಲಿಸುವ M, L, T ಬರೆದು ನೋಡುವ ಆಯಾಮ ಪರೀಕ್ಷೆ ಹುಡುಗನ ತಪ್ಪಿಗೆ ಚಕಾರ ಎತ್ತುವುದಿಲ್ಲ. ಅದರ ದೃಷ್ಟಿಯಲ್ಲಿ ಕಾಲದಿಂದ ಭಾಗಿಸಬೇಕಿತ್ತು, ಕಾಲದಿಂದಲೇ ಭಾಗಿಸಿದ್ದಾನೆ. ಆಯಾಮ ಪರೀಕ್ಷೆ ಸೂತ್ರದ ಕಾವಲುಗಾರ. ಸೂತ್ರದಲ್ಲಿ ಏನೋ ಬಿಟ್ಟುಹೋಗಿದ್ದರೆ, ವರ್ಗ ಮರೆತಿದ್ದರೆ, ಮೇಲಿನದು ಕೆಳಗಾಗಿದ್ದರೆ ಅದು ಕೂಗುತ್ತದೆ. ಸೂತ್ರಕ್ಕೆ ಅಂಕಿ ತುಂಬುವಾಗ ಆಗುವ ತಪ್ಪಿಗೆ, ಅಂದರೆ ಸೆಂಟಿಮೀಟರ್ ಮೀಟರಾಗದೆ ಉಳಿದದ್ದು, ಗ್ರಾಂ ಕಿಲೋ ಆಗದೆ ಉಳಿದದ್ದು, ಇಂಥವಕ್ಕೆ ಅಂಕಿಯ ಪಕ್ಕ ನಡೆಯುವ ಯೂನಿಟ್ಟೇ ಬೇಕು.

ಸೂತ್ರದ ತಪ್ಪು ಹೇಗಿರುತ್ತದೆ ಎಂಬುದಕ್ಕೂ ಇದೇ ಲೆಕ್ಕ ಸಾಕು. ತರಗತಿಯಲ್ಲಿ ಇಂಥದ್ದನ್ನು ಕೊಟ್ಟಾಗ ಇಬ್ಬರಾದರೂ g ಬಿಡುತ್ತಾರೆ. ‘ಸಾವಿರ ಕಿಲೋ, ಹನ್ನೆರಡು ಮೀಟರ್’ ಎಂದು ಗುಣಿಸಿ, 600ರಿಂದ ಭಾಗಿಸಿ 20, ಅದನ್ನು 0.4ರಿಂದ ಭಾಗಿಸಿ 50 ಪಡೆದು, 50 ವ್ಯಾಟ್ ಎಂದು ಬರೆಯುತ್ತಾರೆ. ಯೂನಿಟ್ ಸಾಲನ್ನು ಓದಿ: kg × m ÷ s. ಇದು ಸಾಮರ್ಥ್ಯವಲ್ಲ, ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು, ಅಂದರೆ ಸಂವೇಗ. ಪಂಪಿನ ಸಾಮರ್ಥ್ಯ ಕೇಳಿದರೆ ಸಂವೇಗ ಬಂದು ನಿಂತಿದೆ. ಬೇಕಾದ kg m²/s³ಗೆ ಹೋಲಿಸಿದರೆ ಕಾಣೆಯಾಗಿರುವುದು ಸರಿಯಾಗಿ m/s². ಆ ಯೂನಿಟ್ ಯಾರದ್ದು? ವೇಗೋತ್ಕರ್ಷದ್ದು. ಅಂದರೆ ತಪ್ಪಾಗಿದೆ ಎನ್ನುವುದರ ಜೊತೆಗೆ ಯಾವುದು ಬಿಟ್ಟುಹೋಗಿದೆ ಎಂಬುದನ್ನೂ ಯೂನಿಟ್ ಹೇಳಿಬಿಟ್ಟಿತು. ಅಂದಾಜು ಇಷ್ಟು ಹೇಳಲಾರದು. ಅದು ‘ಹತ್ತು ಪಟ್ಟು ಕಡಿಮೆ ಬಂದಿದೆ, ನೋಡಿಕೋ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಇನ್ನು ಮೊದಲ ಆಯ್ಕೆ, 78.4 ವ್ಯಾಟ್. ಇದು ಎಲ್ಲಿಂದ ಬಂತು? 196ನ್ನು 0.4ರಿಂದ ಭಾಗಿಸುವ ಬದಲು ಗುಣಿಸಿದವರಿಗಾಗಿ ಪ್ರಶ್ನೆ ತೆಗೆದವರು ಹಾಸಿಟ್ಟ ಬಲೆ. ದಕ್ಷತೆಗೆ ಯೂನಿಟ್ ಇಲ್ಲ, ಬರೀ ಅನುಪಾತ. ಗುಣಿಸಿದರೂ ವ್ಯಾಟ್, ಭಾಗಿಸಿದರೂ ವ್ಯಾಟ್. ಯೂನಿಟ್ ಪರೀಕ್ಷೆ ಇಲ್ಲಿ ಕುರುಡು. ಅಂದಾಜೂ ಸ್ವಲ್ಪ ತಡವರಿಸುತ್ತದೆ. ಚಿಕ್ಕ ಪಂಪು ಎಷ್ಟು ಎಳೆಯುತ್ತದೆಂದು ಗೊತ್ತಿಲ್ಲದ ಹುಡುಗನಿಗೆ 78 ವ್ಯಾಟ್ ಎಂದರೆ ಅಂಥ ಅಸಂಬದ್ಧವೇನೂ ಅನ್ನಿಸದು.

ಇಲ್ಲಿ ಕೇಳಬೇಕಾದ್ದು ಬೇರೆ. ನೀರಿಗೆ ಪ್ರತಿ ಸೆಕೆಂಡಿಗೆ 196 ಜೂಲ್ ಸಿಗುತ್ತಿದೆ. ಪಂಪು ವಿದ್ಯುತ್ತಿನಿಂದ ಪಡೆಯುತ್ತಿರುವುದು 78. ಹಾಗಿದ್ದರೆ ಉಳಿದ 118 ಎಲ್ಲಿಂದ ಬಂತು? ಕೊಟ್ಟದ್ದಕ್ಕಿಂತ ಹೆಚ್ಚು ವಾಪಸು ಕೊಡುವ ಪಂಪು ಇದ್ದಿದ್ದರೆ ಬೆಸ್ಕಾಂ ಬಿಲ್ಲು ಕಟ್ಟುವ ಗೋಜೇ ಇರುತ್ತಿರಲಿಲ್ಲ. ಇನ್ನೊಂದು ದಾರಿಯಿಂದಲೂ ನೋಡಬಹುದು. ಪಂಪು ಇನ್ನಷ್ಟು ಹಳೆಯದಾಗಿ ದಕ್ಷತೆ ಶೇ. 10ಕ್ಕೆ ಇಳಿಯಿತು ಎಂದುಕೊಳ್ಳಿ. ಗುಣಿಸುವವನ ಲೆಕ್ಕದಲ್ಲಿ ಅದು ಈಗ ಬರೀ 19.6 ವ್ಯಾಟ್ ಎಳೆಯಬೇಕು. ಮೋಟರು ಕೆಟ್ಟಷ್ಟೂ ಕರೆಂಟು ಉಳಿಯುತ್ತದೆ ಎಂದಾಯಿತು! ಹೀಗೆ ಪ್ರಶ್ನೆಯಲ್ಲಿರುವ ಒಂದು ಅಂಕಿಯನ್ನು ತುದಿಗೆ ಎಳೆದು, ಉತ್ತರ ಯಾವ ಕಡೆಗೆ ವಾಲುತ್ತದೆ ಎಂದು ನೋಡುವುದು ಯೂನಿಟ್ ಇಲ್ಲದ ಅಂಕಿಗಳಿಗೆ ಇರುವ ಒಳ್ಳೆಯ ಮದ್ದು. ಸೈನ್ ಹಾಕಬೇಕಿತ್ತೋ ಕೊಸೈನ್ ಹಾಕಬೇಕಿತ್ತೋ ಎಂಬ ಗೊಂದಲವೂ ಕೋನವನ್ನು ಸೊನ್ನೆ ಮಾಡಿ ನೋಡಿದರೆ ಸಾಮಾನ್ಯವಾಗಿ ಬಗೆಹರಿಯುತ್ತದೆ. ಇಳಿಜಾರು ಪೂರ್ತಿ ಮಟ್ಟಸವಾದರೆ ಪೆಟ್ಟಿಗೆ ಜಾರಬಾರದು, ಅಷ್ಟೆ.

ಅಂದಾಜಿನ ಬಗ್ಗೆ ನನಗೊಂದು ಹಟವಿದೆ. ಅದನ್ನು ಲೆಕ್ಕಕ್ಕೆ ಮೊದಲೇ ಮಾಡಬೇಕು, ಆಮೇಲಲ್ಲ. ಉತ್ತರ ಕಣ್ಣಿಗೆ ಬಿದ್ದ ಮೇಲೆ ಮಾಡುವ ಅಂದಾಜು ಅಂದಾಜಲ್ಲ, ವಕಾಲತ್ತು. 29,400 ಬರೆದಾದ ಮೇಲೆ ಹುಡುಗನ ಮನಸ್ಸು ‘ದೊಡ್ಡ ಅಪಾರ್ಟ್‌ಮೆಂಟ್ ಇರಬಹುದು’ ಎಂದು ಸಮರ್ಥನೆ ಹುಡುಕುತ್ತದೆ. ಮೊದಲೇ ಮಾಡಿದರೆ ಹೀಗಾಗದು. g ಹತ್ತು ಎಂದಿಟ್ಟುಕೊಳ್ಳಿ. ಸಾವಿರವನ್ನು ಹತ್ತರಿಂದ, ಹನ್ನೆರಡರಿಂದ ಗುಣಿಸಿದರೆ ಒಂದು ಲಕ್ಷದ ಇಪ್ಪತ್ತು ಸಾವಿರ, ಆರುನೂರರಿಂದ ಭಾಗಿಸಿದರೆ ಇನ್ನೂರು, 0.4ರಿಂದ ಭಾಗಿಸಿದರೆ ಐನೂರು. ಬಾಯಲ್ಲೇ ಆಗುವ ಲೆಕ್ಕ. ‘ಸುಮಾರು 500’ ಎಂದು ಮಾರ್ಜಿನ್‌ನಲ್ಲಿ ಬರೆದಿಟ್ಟು ಆಮೇಲೆ ಶುದ್ಧ ಲೆಕ್ಕಕ್ಕೆ ಕೈಹಾಕಿದರೆ, 490 ಬಂದಾಗ ಸಮಾಧಾನ, 29,400 ಬಂದಾಗ ಅನುಮಾನ.

ಒಂದು ಎಚ್ಚರಿಕೆ. ಬಾಯಿಲೆಕ್ಕದಲ್ಲೂ ‘ಹತ್ತು ನಿಮಿಷ’ವನ್ನು ಹತ್ತೆಂದೇ ತೆಗೆದುಕೊಂಡರೆ ಅಂದಾಜೂ ಅದೇ ಹಳ್ಳಕ್ಕೆ ಬೀಳುತ್ತದೆ. ಆದ್ದರಿಂದ ಬಾಯಿಲೆಕ್ಕದ ಉತ್ತರವನ್ನೂ ಹೊರಗಿನ ಯಾವುದಾದರೂ ವಸ್ತುವಿಗೆ ತಾಗಿಸಿ ನೋಡಬೇಕು. ತಾತ ತೋಟದ ಬೋರಿಗೆ ತಾಗಿಸಿದ ಹಾಗೆ.

ಹೊರಗಿನ ವಸ್ತುವಿಗೆ ತಾಗಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದಲ್ಲಿ ನಡೆದ ಒಂದು ಘಟನೆ ನೆನಪಾಗುತ್ತದೆ. 1983ರ ಜುಲೈ 23ರಂದು ಏರ್ ಕೆನಡಾದ 143ನೇ ವಿಮಾನ ಮಾಂಟ್ರಿಯಲ್‌ನಿಂದ ಒಟ್ಟಾವಾ ಮೂಲಕ ಎಡ್ಮಂಟನ್‌ಗೆ ಹೊರಟಿತು. ಹೊಸ ಬೋಯಿಂಗ್ 767. ಕೆನಡಾ ಆಗ ಪೌಂಡು, ಗ್ಯಾಲನ್ ಬಿಟ್ಟು ಕಿಲೋ, ಲೀಟರಿಗೆ ಹೊರಳುತ್ತಿದ್ದ ಕಾಲ. ವಿಮಾನದ ಇಂಧನ ಮಾಪಕ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಟ್ಯಾಂಕಿನ ಅಳತೆಕಡ್ಡಿಯಿಂದ ನೋಡಿದರು. 7,682 ಲೀಟರ್ ಇತ್ತು. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋ ಇಂಧನ. ಇನ್ನೆಷ್ಟು ಲೀಟರ್ ತುಂಬಬೇಕು? ನಮ್ಮ ಪಿಯು ಪ್ರಶ್ನೆಗಿಂತ ಸುಲಭದ ಲೆಕ್ಕ.

ಲೀಟರನ್ನು ತೂಕ ಮಾಡಲು ಅವರು ಬಳಸಿದ ಅಂಕಿ 1.77. ಗುಣಿಸಿದರೆ 13,597. ಅದನ್ನು ಕಿಲೋ ಎಂದುಕೊಂಡು 22,300ರಿಂದ ಕಳೆದು, ಉಳಿದ 8,703ನ್ನು ಮತ್ತೆ 1.77ರಿಂದ ಭಾಗಿಸಿ 4,917 ಲೀಟರ್ ತುಂಬಿಸಿದರು. ಗುಣಾಕಾರ, ವ್ಯವಕಲನ, ಭಾಗಾಕಾರ ಎಲ್ಲವೂ ಸರಿ. ತಪ್ಪಿದ್ದದ್ದು ಒಂದೇ: 1.77 ಎನ್ನುವುದು ಒಂದು ಲೀಟರ್ ಇಂಧನ ಎಷ್ಟು ಪೌಂಡು ತೂಗುತ್ತದೆ ಎಂಬ ಅಂಕಿ. ಕಿಲೋ ಬೇಕಾದರೆ ಸುಮಾರು 0.8 ಬಳಸಬೇಕಿತ್ತು. ನಿಜಕ್ಕೂ ತುಂಬಬೇಕಿದ್ದದ್ದು 20,000 ಲೀಟರಿಗೂ ತುಸು ಹೆಚ್ಚು. ವಿಮಾನ ಬೇಕಾದ ಇಂಧನದ ಅರ್ಧಕ್ಕಿಂತ ಕಡಿಮೆ ಹೊತ್ತು ಹಾರಿತು.

ಒಟ್ಟಾವಾದಲ್ಲಿ ಮತ್ತೊಮ್ಮೆ ಕಡ್ಡಿಯಿಂದ ಅಳೆದರು, ಮತ್ತೊಮ್ಮೆ ಲೆಕ್ಕ ಮಾಡಿದರು. ಮತ್ತೆ ಅದೇ 1.77. ಬಂದ ದಾರಿಯಲ್ಲೇ ವಾಪಸು ನಡೆದರೆ ಅದೇ ಹಳ್ಳ ಎದುರಾಗುತ್ತದೆ. ಪರೀಕ್ಷೆಯಲ್ಲಿ ‘ಚೆಕ್ ಮಾಡಿದೆ ಸರ್’ ಎನ್ನುವ ಮಕ್ಕಳಲ್ಲಿ ಬಹಳಷ್ಟು ಜನ ಮಾಡುವುದು ಇಷ್ಟೇ, ಅದೇ ಅಂಕಿಗಳನ್ನು ಅದೇ ಸಾಲಿನಲ್ಲಿ ಇನ್ನೊಮ್ಮೆ ಗುಣಿಸುವುದು.

ಆ ದಿನ ಎರಡು ರೀತಿಯಲ್ಲಿ ತಪ್ಪು ಸಿಕ್ಕಿಬೀಳಬಹುದಿತ್ತು. ಒಂದು, 1.77ರ ಪಕ್ಕ ಅದರ ಯೂನಿಟ್ ಬರೆದಿದ್ದರೆ, ಕಿಲೋದಿಂದ ಪೌಂಡನ್ನು ಕಳೆಯುತ್ತಿದ್ದೇವೆ ಎಂಬುದು ಆ ಕ್ಷಣವೇ ಕಾಣುತ್ತಿತ್ತು. ಎರಡನೆಯದು ನನಗೆ ಇನ್ನೂ ಇಷ್ಟ. ವಿಮಾನದ ಇಂಧನ ಎಂದರೆ ಒಂದು ಬಗೆಯ ಸೀಮೆಎಣ್ಣೆ. ಲೀಟರಿಗೆ 1.77 ಕಿಲೋ ತೂಗುವ ಸೀಮೆಎಣ್ಣೆ ನೀರಿಗಿಂತ ಮುಕ್ಕಾಲು ಪಾಲು ಹೆಚ್ಚು ಭಾರ, ನೀರಿಗೆ ಸುರಿದರೆ ತಳ ಸೇರಬೇಕು. ಸೊಳ್ಳೆ ಮರಿ ಸಾಯಲಿ ಎಂದು ನಿಂತ ನೀರಿಗೆ ಸೀಮೆಎಣ್ಣೆ ಹುಯ್ಯುತ್ತಿದ್ದ ನಮ್ಮ ಅಜ್ಜಿಯರಿಗೆ ಅದು ತೇಲುತ್ತದೆ ಎಂದು ಗೊತ್ತಿತ್ತು. ಲೀಟರಿಗೆ ಒಂದು ಕಿಲೋಗಿಂತ ಹೆಚ್ಚು ಬಂದರೆ ಎಲ್ಲೋ ಎಡವಟ್ಟಾಗಿದೆ ಎನ್ನಲು ಅಷ್ಟು ಸಾಕು.

ವಿಮಾನ 41,000 ಅಡಿ ಎತ್ತರದಲ್ಲಿ ಇಂಧನ ಮುಗಿಸಿಕೊಂಡಿತು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಎಂಜಿನ್ ಸತ್ತ ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿ, ಆಗ ಕಾರ್ ರೇಸಿಗೆ ಬಳಸುತ್ತಿದ್ದ ಹಳೆಯ ವಾಯುಪಡೆ ನೆಲೆಯ ರನ್‌ವೇ ಮೇಲೆ ಇಳಿಸಿದರು. ಯಾರೂ ಸಾಯಲಿಲ್ಲ.

ಹುಡುಗ ಇದನ್ನೆಲ್ಲ ಕೇಳಿ, ಒಳ್ಳೆಯ ಪ್ರಶ್ನೆಯನ್ನೇ ಎತ್ತಿದ. ‘ಪಂಪು, ಸೀಮೆಎಣ್ಣೆ ಎಲ್ಲ ಸರಿ ಸರ್. ಎಲೆಕ್ಟ್ರಾನ್‌ನ ಯಾರು ನೋಡಿದ್ದಾರೆ? ಅದಕ್ಕೆ ಅಂದಾಜು ಎಲ್ಲಿಂದ ತರೋದು?’

ನಿಜ. ದ್ವಿತೀಯ ಪಿಯುನ ಅರ್ಧ ಪುಸ್ತಕ ಕಣ್ಣಿಗೆ ಕಾಣದ ವಸ್ತುಗಳದ್ದು. ಅಲ್ಲಿ ತೋಟದ ಬೋರಿನ ಜಾಗದಲ್ಲಿ ಕೆಲವು ಮೈಲಿಗಲ್ಲುಗಳನ್ನು ನೆಟ್ಟುಕೊಳ್ಳಬೇಕು. ಬಹಳ ಬೇಡ. ಪರಮಾಣುವಿನ ಗಾತ್ರ ಸುಮಾರು 10⁻¹⁰ ಮೀಟರ್, ನ್ಯೂಕ್ಲಿಯಸ್ಸಿನದು ಸುಮಾರು 10⁻¹⁵ ರಿಂದ 10⁻¹⁴ ಮೀಟರ್, ಬೆಳಕಿನ ವೇಗ ಸೆಕೆಂಡಿಗೆ 3×10⁸ ಮೀಟರ್, ಕಣ್ಣಿಗೆ ಕಾಣುವ ಬೆಳಕಿನ ಫೋಟಾನ್ ಶಕ್ತಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್. ಈ ನಾಲ್ಕಿದ್ದರೆ ಆಧುನಿಕ ಭೌತಶಾಸ್ತ್ರದ ಹೆಚ್ಚಿನ ಲೆಕ್ಕಗಳನ್ನು ತೂಗಬಹುದು.

ಒಂದು ಉದಾಹರಣೆ ಮಾಡಿಸಿದೆ. ಎಲೆಕ್ಟ್ರಾನನ್ನು 100 ವೋಲ್ಟ್‌ನಿಂದ ವೇಗಗೊಳಿಸಿದರೆ ಅದರ ಡಿ ಬ್ರಾಯ್ ತರಂಗಾಂತರ ಎಷ್ಟು? ಸೂತ್ರ λ = h/√(2mE). ಹುಡುಗ h ಜಾಗಕ್ಕೆ 6.63×10⁻³⁴, m ಜಾಗಕ್ಕೆ 9.1×10⁻³¹, E ಜಾಗಕ್ಕೆ 100 ಇಟ್ಟ. ಉತ್ತರ 4.9×10⁻²⁰ ಮೀಟರ್. ಎಲ್ಲವೂ ಸೂಕ್ಷ್ಮವಾಗಿರುವ ಲೋಕದಲ್ಲಿ ಇದೂ ಒಂದು ಸೂಕ್ಷ್ಮ ಅಂಕಿ, ಅನುಮಾನ ಬರುವುದು ಹೇಗೆ? ಮೈಲಿಗಲ್ಲಿನ ಪಕ್ಕ ಇಟ್ಟರೆ ಬರುತ್ತದೆ. ನ್ಯೂಕ್ಲಿಯಸ್ಸಿಗಿಂತಲೂ ಹತ್ತಾರು ಸಾವಿರ ಪಟ್ಟು ಚಿಕ್ಕದು! ಬರೀ 100 ವೋಲ್ಟ್ ಕೊಟ್ಟು ನ್ಯೂಕ್ಲಿಯಸ್ಸಿನ ಒಳಗನ್ನು ಇಣುಕುವಂತಿದ್ದರೆ ವಿಜ್ಞಾನಿಗಳು ಕಿಲೋಮೀಟರುಗಟ್ಟಲೆ ಉದ್ದದ ವೇಗವರ್ಧಕಗಳನ್ನು ಕಟ್ಟುತ್ತಿದ್ದರೇಕೆ?

ಆಗಿದ್ದು ಇಷ್ಟೇ. 100 ಎಂಬುದು ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ, ಉಳಿದವೆಲ್ಲ ಕಿಲೋ, ಮೀಟರ್, ಸೆಕೆಂಡಿನವು. ಜೂಲಿಗೆ ತಂದರೆ E = 1.6×10⁻¹⁷. ಈಗ ಬಾಯಿಲೆಕ್ಕ: ಎರಡನ್ನು ಒಂಬತ್ತರಿಂದ, 1.6ರಿಂದ ಗುಣಿಸಿದರೆ ಹತ್ತಿರ ಹತ್ತಿರ 29. ಘಾತಗಳು ಮೈನಸ್ 31 ಮತ್ತು ಮೈನಸ್ 17 ಸೇರಿ ಮೈನಸ್ 48. ಸಮಸಂಖ್ಯೆ, ವರ್ಗಮೂಲಕ್ಕೆ ಹೇಳಿ ಮಾಡಿಸಿದ್ದು. 29ರ ಮೂಲ ಐದಕ್ಕಿಂತ ಸ್ವಲ್ಪ ಹೆಚ್ಚು, ಘಾತ ಮೈನಸ್ 24. 6.6×10⁻³⁴ನ್ನು 5.4×10⁻²⁴ರಿಂದ ಭಾಗಿಸಿದರೆ 1.2×10⁻¹⁰ ಮೀಟರ್. ಪರಮಾಣುವಿನ ಗಾತ್ರದಷ್ಟೇ. ಎಲೆಕ್ಟ್ರಾನ್ ಅಲೆಗಳು ಹರಳಿನ ಪರಮಾಣುಗಳ ಸಾಲಿಗೆ ಬಡಿದು ಚದುರುವುದನ್ನು ಡೇವಿಸನ್ ಮತ್ತು ಜರ್ಮರ್ 1927ರಲ್ಲಿ ಕಂಡದ್ದು ಈ ಹೊಂದಾಣಿಕೆಯಿಂದಲೇ. ಅಂದಾಜು ಹೇಗೆ ಇಡೀ ಅಧ್ಯಾಯದ ಜೊತೆ ಸೇರಿಕೊಳ್ಳುತ್ತದೆ ನೋಡಿ.

ಇಲ್ಲಿ ಯೂನಿಟ್ ಬರೆದಿದ್ದರೂ ತಪ್ಪು ಸಿಗುತ್ತಿತ್ತು. ಆದರೆ ಯೂನಿಟ್ ಬರೆದರೂ ಸಿಗದ ಒಂದು ತಪ್ಪಿದೆ, ಅದು ಉಷ್ಣತೆಯದು. ಬೆಳಿಗ್ಗೆ 27 ಡಿಗ್ರಿ ಇದ್ದ ಟೈರು ಮಧ್ಯಾಹ್ನ ಓಡಿ ಓಡಿ 54 ಡಿಗ್ರಿಗೆ ಬಂತು. ಗಾತ್ರ ಬದಲಾಗಲಿಲ್ಲ ಎಂದಿಟ್ಟುಕೊಂಡರೆ ಒಳಗಿನ ಗಾಳಿಯ ಒತ್ತಡ ಎಷ್ಟು ಪಟ್ಟಾಯಿತು? ‘ಎರಡು ಪಟ್ಟು’ ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಡಿಗ್ರಿಯನ್ನು ಡಿಗ್ರಿಯಿಂದ ಭಾಗಿಸಿದರೆ ಯೂನಿಟ್ ಹಾರಿಹೋಗುತ್ತದೆ, ಪರೀಕ್ಷೆ ಪಾಸು. ಆದರೆ ಸೆಲ್ಸಿಯಸ್ಸಿನ ಸೊನ್ನೆ ನಿಜವಾದ ಸೊನ್ನೆಯಲ್ಲ, ನೀರು ಹೆಪ್ಪುಗಟ್ಟುವಲ್ಲಿ ನಾವು ಎಳೆದುಕೊಂಡ ಗೆರೆ. ಕೆಲ್ವಿನ್‌ನಲ್ಲಿ ಬರೆದರೆ 300 ಮತ್ತು 327. ಒತ್ತಡ 1.09 ಪಟ್ಟು, ಅಂದರೆ ಬರೀ ಶೇ. 9 ಹೆಚ್ಚಳ. ಇಲ್ಲಿ ಕಾಪಾಡುವುದು ಅಂದಾಜು. ಎರಡು ಪಟ್ಟಾಗುವಂತಿದ್ದರೆ ಬೇಸಿಗೆಯಲ್ಲಿ ಕಲಬುರಗಿ ದಾರಿಯುದ್ದಕ್ಕೂ ಟೈರುಗಳು ಪಟಾಕಿಯ ಹಾಗೆ ಸಿಡಿಯುತ್ತಿದ್ದವು.

ಸಮಯದ ಮಾತು ಬಂದೇ ಬರುತ್ತದೆ. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು. ಎಲ್ಲಕ್ಕೂ ಯೂನಿಟ್ ಸಾಲು ಬರೆಯುತ್ತಾ ಕೂತರೆ ಕೊನೆಯ ಪುಟ ಕಾಣುವುದಿಲ್ಲ. ನಾನು ಹೇಳುವುದು ಲೆಕ್ಕಕ್ಕೆ ಮುನ್ನ ಆಯ್ಕೆಗಳ ನಡುವಿನ ಅಂತರ ನೋಡಿ ಎಂದು. ನಾಲ್ಕೂ ದೂರದೂರ ಇದ್ದರೆ ಅಂದಾಜೇ ಉತ್ತರ, ಶುದ್ಧ ಲೆಕ್ಕ ಬೇಕಾಗುವುದೇ ಇಲ್ಲ. ಅಲ್ಲಿ ಅಂದಾಜು ಸಮಯ ತಿನ್ನುವುದಿಲ್ಲ, ಉಳಿಸುತ್ತದೆ. ಆಯ್ಕೆಗಳು ಅಕ್ಕಪಕ್ಕದಲ್ಲಿದ್ದರೆ, ಇಲ್ಲವೇ ಪ್ರಶ್ನೆಯಲ್ಲಿ ನಿಮಿಷ, ಸೆಂಟಿಮೀಟರ್, ಲೀಟರ್ ಕಂಡರೆ, ಅಲ್ಲಿ ಮಾತ್ರ ಯೂನಿಟ್ ಸಾಲಿಗೆ ಹತ್ತು ಸೆಕೆಂಡು ಕೊಡಿ. ಎರಡನೆಯ ಪಿಯು ವಾರ್ಷಿಕ ಪರೀಕ್ಷೆಯ ಐದು ಅಂಕದ ಲೆಕ್ಕಕ್ಕಾದರೆ ಪೂರ್ತಿ ಬರೆಯಲು ಬೇಕಾದಷ್ಟು ಹೊತ್ತಿರುತ್ತದೆ, ಅಲ್ಲಿ ಜಿಪುಣತನ ಬೇಡ.

ಇಷ್ಟು ಮಾತಾಡಿ ಮುಗಿಸಿದೆವು ಎನ್ನುವಾಗ ಹುಡುಗನ ಕ್ಲಾಸಿನ ಹುಡುಗಿ ನೋಟ್ಸ್ ವಾಪಸು ಕೊಡಲು ಬಂದಳು. ಅವಳೂ ಅದೇ ಪತ್ರಿಕೆ ಬಿಡಿಸಿದ್ದಳು. ಅವಳ ಉತ್ತರ 367.5 ವ್ಯಾಟ್.

ನಾನು ಅವಳ ಹಾಳೆ ನೋಡಿದೆ. ಪ್ರತಿ ಅಂಕಿಯ ಪಕ್ಕದಲ್ಲೂ ಯೂನಿಟ್ ಇತ್ತು. ಕಾಲ 600 ಸೆಕೆಂಡ್ ಆಗಿತ್ತು. g ಇತ್ತು. ದಕ್ಷತೆಯಿಂದ ಭಾಗಿಸಿದ್ದಳು. ಉತ್ತರ ಅರ್ಧ ಹೆಚ್‌ಪಿಯ ಆಸುಪಾಸು, ಅಂಥ ಪಂಪುಗಳು ಅಂಗಡಿಯಲ್ಲಿ ಸಿಗುತ್ತವೆ. ತಾತನನ್ನು ಕೇಳಿದರೂ ಅಡ್ಡಿಯಿಲ್ಲ ಎನ್ನುತ್ತಿದ್ದರು. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿದರೂ ಸರಿಯಾಗಿ 1000 ಕಿಲೋ ನೀರೇ ಬರುತ್ತಿತ್ತು. ಎರಡು ಬಲೆಗಳಿಂದಲೂ ನುಸುಳುವ ಮೀನು ಇದೆ ಎಂದೆನಲ್ಲ, ಇದೇ ಅದು. ಎತ್ತರದ ಜಾಗದಲ್ಲಿ ಅವಳು 9 ಮೀಟರ್ ಇಟ್ಟಿದ್ದಳು. 12ಕ್ಕೂ 9ಕ್ಕೂ ಯೂನಿಟ್ ಒಂದೇ. ವ್ಯತ್ಯಾಸ ನಾಲ್ಕರಲ್ಲಿ ಒಂದು ಪಾಲು, ಅಂದಾಜಿನ ಸಡಿಲದೊಳಗೆ ಆರಾಮವಾಗಿ ಕೂರುತ್ತದೆ. ತ್ರಿಜ್ಯದ ಬದಲು ವ್ಯಾಸ ಹಾಕಿದ್ದು, ½ mv²ನಲ್ಲಿ ಅರ್ಧ ಮರೆತದ್ದು, ಇವೂ ಇದೇ ಜಾತಿ. ಎರಡು, ನಾಲ್ಕು ಪಟ್ಟಿನ ತಪ್ಪುಗಳು ಹೆಚ್ಚಿನ ಸಲ ಎರಡೂ ಪರೀಕ್ಷೆಗಳ ಕಣ್ಣು ತಪ್ಪಿಸುತ್ತವೆ. ಪ್ರಶ್ನೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ಆಯ್ಕೆ ನಾಲ್ಕರಲ್ಲಿ ನಿಜವಾಗಿ ಅಪಾಯಕಾರಿಯಾದದ್ದು 29,400 ಅಲ್ಲ, 367.5.

‘ಚಿತ್ರ ಬರೆದೆಯೇನಮ್ಮ?’ ಅಂತ ಕೇಳಿದೆ. ಇಲ್ಲ ಅಂದಳು. ಪೆನ್ಸಿಲ್ ಕೊಟ್ಟೆ. ಅಡ್ಡಗೆರೆ ಎಳೆದು ‘ನೆಲ’ ಎಂದು ಬರೆದಳು. ಮೇಲೆ ಟ್ಯಾಂಕು ಬರೆದು, ಗೆರೆಯಿಂದ ಅಲ್ಲಿಗೆ ಬಾಣ ಹಾಕಿ 9 ಎಂದಳು. ಸಂಪ್ ಬರೆಯಲು ಪೆನ್ಸಿಲ್ಲನ್ನು ಗೆರೆಯ ಕೆಳಗೆ ತಂದವಳು ಅಲ್ಲೇ ನಿಲ್ಲಿಸಿ, ರಬ್ಬರ್ ಕೇಳಿದಳು.